ಮಾರ್ಚ್ ಕೊನೆಯ ಹದಿನೇಳು ಬಿಲ್‌ಗಳು: ಸುಳ್ಳು ಮಾರಾಟವನ್ನು ಆಡಿಟ್‌ನಲ್ಲಿ ಹಿಡಿಯುವುದು ಹೇಗೆ

ಮಾರ್ಚ್ 29ರಿಂದ 31ರವರೆಗೆ ಒಟ್ಟು 22 ಬಿಲ್. ಅದರಲ್ಲಿ ಐದು ಹಳೇ ಗಿರಾಕಿಗಳವು. ಅವುಗಳ ತೂಕ ನೋಡಿ: 198.40 ಕ್ವಿಂಟಾಲ್, 203.15, 196.80, ಹೀಗೆ. ಉಳಿದ 17 ಬಿಲ್ ಮೂರು ಹೊಸ ಪಾರ್ಟಿಗಳಿಗೆ, ಹೈದರಾಬಾದ್, ಸೊಲ್ಲಾಪುರ, ನಾಂದೇಡ್. ಪ್ರತಿಯೊಂದೂ ಸರಿಯಾಗಿ 200.00 ಕ್ವಿಂಟಾಲ್. ಲಾರಿ ತುಂಬಿಸಿ ಕಾಟಾ ಮೇಲೆ ನಿಲ್ಲಿಸಿದವರಿಗೆ ಗೊತ್ತು, ಹದಿನೇಳು ಗಾಡಿ ಹದಿನೇಳಕ್ಕೂ 200.00 ಬರೋದು ಸಾಧ್ಯವೇ ಇಲ್ಲ.

ಇದು ಕಲಬುರಗಿಯ ಒಂದು ಬೇಳೆ ಮಿಲ್‌ನ ಕಥೆ. ಒಂದು ಅಂದರೆ ನಿಜವಾಗಿ ಒಂದಲ್ಲ. ಎರಡು ಮೂರು ಕಡೆ ಕಂಡದ್ದನ್ನು ಸೇರಿಸಿ ಒಂದೇ ಮಿಲ್ ಮಾಡಿದ್ದೇನೆ, ಅಂಕಿಗಳನ್ನೂ ಲೆಕ್ಕ ಸುಲಭ ಆಗಲಿ ಅಂತ ನಾನೇ ಹಾಕಿದ್ದೇನೆ. ಪ್ರೈವೇಟ್ ಲಿಮಿಟೆಡ್ ಕಂಪನಿ, 2023-24ನೇ ಸಾಲು, ವರ್ಷದ ಮಾರಾಟ 62 ಕೋಟಿ, ಲಾಭ 1.12 ಕೋಟಿ. ಬ್ಯಾಂಕಿನಲ್ಲಿ ಸ್ಟಾಕ್, ಬರಬೇಕಾದ ಬಾಕಿ ನೋಡಿ ಕೊಡುವ ಸಿಸಿ ಸಾಲ ಇದೆ, ಅದರ ಲಿಮಿಟ್ ಹೆಚ್ಚಿಸಿಕೊಳ್ಳಬೇಕು. ಈ ವರ್ಷ 60 ಕೋಟಿ ವ್ಯಾಪಾರ ಮಾಡಿ ತೋರಿಸ್ತೀವಿ ಅಂತ ಬ್ಯಾಂಕಿಗೆ ಮೊದಲೇ ಹೇಳಿಬಿಟ್ಟಿದ್ದಾರೆ. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ.

ಆಡಿಟರ್‌ಗಳಿಗೆ ಎಸ್‌ಎ 240 ಅಂತ ಒಂದು ಮಾನದಂಡ ಇದೆ. ವಂಚನೆಯ ವಿಷಯದಲ್ಲಿ ಆಡಿಟರ್ ಏನು ಮಾಡಬೇಕು ಅನ್ನೋದು ಅದರಲ್ಲಿದೆ. ಅದು ಬೇರೆ ಯಾವ ಖಾತೆಗೂ ಹೇಳದ ಒಂದು ಮಾತನ್ನು ಮಾರಾಟದ ಆದಾಯಕ್ಕೆ ಹೇಳುತ್ತದೆ: ಇಲ್ಲಿ ವಂಚನೆಯ ಅಪಾಯ ಇದೆ ಅಂತಲೇ ಊಹಿಸಿಕೊಂಡು ಕೆಲಸ ಶುರು ಮಾಡು. ಇಲ್ಲ ಅಂತ ನಿನಗೆ ಅನ್ನಿಸಿದರೆ, ಯಾಕೆ ಇಲ್ಲ ಅಂತ ಬರೆದಿಡು. ಒಂದೇ ಕಟ್ಟಡ, ಒಬ್ಬನೇ ಬಾಡಿಗೆದಾರ, ತಿಂಗಳಿಗೆ ಇಷ್ಟು ಅಂತ ಬಾಡಿಗೆ ಬರುವ ಕಂಪನಿ ಆದರೆ ಹಾಗೆ ಬರೆಯಬಹುದು. ಬೇಳೆ ಮಿಲ್‌ಗೆ ಬರೆಯೋಕೆ ಆಗಲ್ಲ.

ಆದರೆ "ಅಪಾಯ ಇದೆ" ಅಂತ ಒಂದು ಸಾಲು ಬರೆದು ಫೈಲ್ ಮುಚ್ಚಿದರೆ ಏನೂ ಉಪಯೋಗವಿಲ್ಲ. ಯಾವ ಮಾರಾಟ, ಯಾವ ತಿಂಗಳು, ಯಾವ ದಿಕ್ಕಿಗೆ, ಇಷ್ಟನ್ನೂ ಹೇಳಬೇಕು. ದಿಕ್ಕು ಅಂದೆ ಯಾಕೆಂದರೆ ನಮ್ಮ ಕಡೆ ಎರಡೂ ಇದೆ. ಸಾಲ ಬೇಕಾದವರು ಮಾರಾಟ ಜಾಸ್ತಿ ತೋರಿಸ್ತಾರೆ. ತೆರಿಗೆ ತಪ್ಪಿಸಬೇಕಾದವರು ಕಡಿಮೆ ತೋರಿಸ್ತಾರೆ, ಬೇಳೆ ಒಡೆದು ಉಳಿಯುವ ಚುನ್ನಿ, ಹೊಟ್ಟು ನಗದಿಗೆ ಮಾರಿ ಬುಕ್ಕಿಗೇ ಹಾಕಲ್ಲ. ಒಂದೇ ಮಿಲ್ ಬೇಳೆಯಲ್ಲಿ ಜಾಸ್ತಿ, ಹೊಟ್ಟಿನಲ್ಲಿ ಕಡಿಮೆ ತೋರಿಸಿದ್ದೂ ಉಂಟು. ಎರಡಕ್ಕೂ ಬೇರೆ ಬೇರೆ ಪರೀಕ್ಷೆ. ಇಲ್ಲಿ ಮೊದಲನೆಯದನ್ನಷ್ಟೇ ನೋಡೋಣ.

ತಿಂಗಳವಾರು ಮಾರಾಟ ಬಿಡಿಸಿದರೆ ಏಪ್ರಿಲ್‌ನಿಂದ ಫೆಬ್ರವರಿವರೆಗೆ ಸರಾಸರಿ 4.6 ಕೋಟಿ, ಮಾರ್ಚ್ ಒಂದರಲ್ಲೇ 11.4 ಕೋಟಿ. ನೋಡಿದ ಕೂಡಲೇ ಹುಬ್ಬೇರುತ್ತದೆ, ಅಲ್ವಾ? ಆದರೆ ಸ್ವಲ್ಪ ತಡೀರಿ. ತೊಗರಿ ಕಟಾವು ಆಗೋದೇ ಡಿಸೆಂಬರ್, ಜನವರಿಯಲ್ಲಿ. ಎಪಿಎಂಸಿಗೆ ಆವಕ ಆಮೇಲೆ ಜೋರಾಗುತ್ತದೆ, ಹಾಗಾಗಿ ಮಾರ್ಚ್‌ನಲ್ಲಿ ಬೇಳೆ ವ್ಯಾಪಾರ ಏರೋದು ಸಹಜ. ಬೆಂಗಳೂರಿನಿಂದ ಬಂದ ಹುಡುಗ ಆಡಿಟರ್ ಇದನ್ನೇ ದೊಡ್ಡ ಪತ್ತೆ ಅಂತ ತಂದರೆ ಮಿಲ್ ಮಾಲಕರು ನಕ್ಕು ಚಹಾ ಕುಡಿಸಿ ಕಳಿಸ್ತಾರೆ. ಮಾರ್ಚ್ ಒಳಗೇ ದಿನವಾರು ಬಿಡಿಸಬೇಕು. ಬಿಡಿಸಿದಾಗ ಕಂಡಿದ್ದೇ ಆ ಹದಿನೇಳು ಬಿಲ್: 17 × 200 = 3,400 ಕ್ವಿಂಟಾಲ್, ಕ್ವಿಂಟಾಲಿಗೆ 15,000 ರೂಪಾಯಿ, ಒಟ್ಟು 5.1 ಕೋಟಿ. ಅದನ್ನು ತೆಗೆದರೆ ಮಾರ್ಚ್ 6.3 ಕೋಟಿ, ಸೀಸನ್‌ಗೆ ಸರಿಯಾದ ಅಂಕಿ. ವರ್ಷದ ಮಾರಾಟ 56.9 ಕೋಟಿ. ಬ್ಯಾಂಕಿಗೆ ಹೇಳಿದ್ದು 60.

ಈಗ ಸಾಕ್ಷಿ ಎಲ್ಲಿ ಹುಡುಕೋದು? ಬೇರೆ ವ್ಯಾಪಾರದಲ್ಲಾದರೆ ಮೊದಲು ಕೈ ಹಾಕೋದು ಮಾಲು ಸಾಗಿಸುವಾಗ ಸರ್ಕಾರದ ಪೋರ್ಟಲ್‌ನಲ್ಲಿ ತೆಗೆಯುವ ಇ-ವೇ ಬಿಲ್‌ಗೆ. ಬೇಳೆಯಲ್ಲಿ ಇಲ್ಲೇ ಒಂದು ತೂತು ಇದೆ. 2022ರ ಜುಲೈ ನಂತರ 25 ಕೆಜಿವರೆಗಿನ, ಲೇಬಲ್ ಹಚ್ಚಿದ ಪ್ಯಾಕಿಗೆ ಶೇ 5 ಜಿಎಸ್‌ಟಿ ಬಂತು. 50 ಕೆಜಿಯ ಚೀಲಕ್ಕೆ ಜಿಎಸ್‌ಟಿ ಇಲ್ಲ. ಜಿಎಸ್‌ಟಿ ಇಲ್ಲದ ಮಾಲಿಗೆ ಇ-ವೇ ಬಿಲ್ ಬೇಕಿಲ್ಲ, ಇ-ಇನ್‌ವಾಯ್ಸ್ ಕೂಡ ಬೇಕಿಲ್ಲ. ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲೂ ವಿನಾಯಿತಿ ಮಾಲಿನ ಮಾರಾಟ ಒಟ್ಟು ಮೊತ್ತವಾಗಿ ಹೋಗುತ್ತದೆ, ಬಿಲ್‌ವಾರು ಅಲ್ಲ. ಅಂದರೆ ಸಿಮೆಂಟಿನ ಸುಳ್ಳು ಬಿಲ್ ಬರೆದರೆ ಕೈಯಿಂದ ತೆರಿಗೆ ಕಟ್ಟಬೇಕಾಗುತ್ತದೆ, ಸರ್ಕಾರದ ಪೋರ್ಟಲ್‌ನಲ್ಲಿ ಗುರುತು ಬೀಳುತ್ತದೆ. ಚೀಲದ ಬೇಳೆಯ ಸುಳ್ಳು ಬಿಲ್‌ಗೆ ಖರ್ಚೂ ಇಲ್ಲ, ಗುರುತೂ ಇಲ್ಲ. "ಜಿಎಸ್‌ಟಿ ರಿಟರ್ನ್ ಜೊತೆ ಮಾರಾಟ ತಾಳೆ ಆಯ್ತು" ಅಂತ ಫೈಲ್‌ನಲ್ಲಿ ಬರೆದುಕೊಳ್ಳೋರನ್ನು ನೋಡಿದ್ದೇನೆ. ಲೆಕ್ಕ ಬರೆಯುವ ಅದೇ ಟ್ಯಾಲಿ ಸಾಫ್ಟ್‌ವೇರ್‌ನಿಂದಲೇ ರಿಟರ್ನ್ ಹಾಕಿದ್ದು, ತಾಳೆ ಆಗದೆ ಇನ್ನೇನಾಗುತ್ತೆ?

ಹಾಗಾಗಿ ಮಾಲು ನಿಜವಾಗಿ ಹೊರಗೆ ಹೋದಾಗ ಹುಟ್ಟುವ ಕಾಗದಗಳನ್ನು ಹಿಡಿಯಬೇಕು, ಅದರಲ್ಲೂ ಅಕೌಂಟೆಂಟ್ ಕೈಗೆ ಸಿಗದವನ್ನು. ಕಾಟಾ ಚೀಟಿ, ಲಾರಿಯವರು ಕೊಡುವ ಸಾಗಣೆ ರಸೀದಿ ಅಂದರೆ ಎಲ್‌ಆರ್, ಗೇಟಿನ ವಾಚ್‌ಮನ್ ಬುಕ್ಕು, ಹಮಾಲಿ ಲೆಕ್ಕ. ನನಗೆ ಇವುಗಳಲ್ಲಿ ಹೆಚ್ಚು ನಂಬಿಕೆ ಹಮಾಲಿ ಲೆಕ್ಕದ ಮೇಲೆ. ಎಲ್‌ಆರ್ ಪುಸ್ತಕ ಪರಿಚಯದ ಟ್ರಾನ್ಸ್‌ಪೋರ್ಟ್‌ನವರಿಂದ ಖಾಲಿ ತರಬಹುದು. ಹಮಾಲರಿಗೆ ಮಾತ್ರ ಚೀಲಕ್ಕಿಷ್ಟು ಅಂತ ಕೂಲಿ, ಮೇಸ್ತ್ರಿ ತನ್ನ ಬುಕ್ಕಿನಲ್ಲಿ ತಾನೇ ಬರೆದುಕೊಳ್ಳುತ್ತಾನೆ. ಒಂದು ಚೀಲವೂ ತಪ್ಪಲ್ಲ, ಯಾಕೆಂದರೆ ಅದು ಅವನ ದುಡ್ಡು. 3,400 ಕ್ವಿಂಟಾಲ್ ಅಂದರೆ 6,800 ಚೀಲ. ಮೂರು ದಿನದಲ್ಲಿ ಅಷ್ಟು ಚೀಲ ಹೊತ್ತವರು ಕೂಲಿ ಬಿಡ್ತಾರಾ?

ಮೇಸ್ತ್ರಿಯನ್ನು ಸುಮ್ನೆ ಮಾತಿಗೆಳೆದು, ಮಾರ್ಚ್ ಕೊನೆಗೆ ಬಹಳ ಲೋಡ್ ಇತ್ತಂತಲ್ಲ, ಹದಿನೇಳು ಗಾಡಿ ಒಂದೇ ಸಲ ಅಂತ ಕೇಳಿದೆ.

"ಎಲ್ಲೀ ಹದಿನೇಳು ಗಾಡಿ ಸರ? ನಾವ್ ತುಂಬಿದ್ದೇ ಐದ ಗಾಡಿ. ಬೇಕಂದ್ರ ಬುಕ್ ನೋಡ್ರಿ."

ಬುಕ್ ನೋಡಿದೆ. ಐದೇ. ಹಳೇ ಗಿರಾಕಿಗಳ ಆ ಐದು ಬಿಲ್‌ಗಳ ಜೊತೆ ಚೀಲದ ಲೆಕ್ಕವೂ ಕೂಡಿತು. ಕಾಟಾ ಚೀಟಿಯೂ ಐದೇ. ಇದನ್ನು ಕೇಳಿದ ತಕ್ಷಣ "ಸಿಕ್ಕಿಬಿದ್ದರು" ಅಂತ ಅನ್ನಬೇಡಿ. ಪಾರ್ಟಿಯ ಗಾಡಿ ಬಂದು ಪಾರ್ಟಿಯ ಆಳುಗಳೇ ತುಂಬಿಕೊಂಡು ಹೋಗಿರಬಹುದು, ಬೇರೆ ಗೋದಾಮಿನಿಂದ ಹೋಗಿರಬಹುದು. ಅದಕ್ಕೆ ಮುಂದಿನ ಸಾಕ್ಷಿ ಬೇಕು. ನಮ್ಮ ಅದೃಷ್ಟ, ಅದು ನಮ್ಮ ಹತ್ತಿರವೇ ಇತ್ತು.

ಮಾರ್ಚ್ 31ರ ಸಂಜೆ ಸ್ಟಾಕ್ ಎಣಿಕೆಗೆ ಹೋಗಿದ್ದೆವು. ಥಪ್ಪಿ ಥಪ್ಪಿಯಾಗಿ ಚೀಲ ಎಣಿಸಿ, ಅಲ್ಲಲ್ಲಿ ಒಂದೊಂದು ತೂಗಿ ನೋಡಿ, ಬೇಳೆ 3,800 ಕ್ವಿಂಟಾಲ್ ಅಂತ ಶೀಟ್ ಮೇಲೆ ಬರೆದು ಗೋದಾಮಿನವನ ಸಹಿ ಹಾಕಿಸಿದ್ದೆವು. ಅವತ್ತು ಬುಕ್ಕಿನಲ್ಲೂ 3,800 ಇತ್ತು, ಚೆನ್ನಾಗಿ ಕೂಡಿತ್ತು. ಎಣಿಕೆ ಶುರು ಮಾಡೋಕೆ ಮೊದಲು ನಾನು ಯಾವಾಗಲೂ ಕೇಳುವ ಪ್ರಶ್ನೆ ಒಂದಿದೆ: ಇದರಲ್ಲಿ ಬೇರೆಯವರ ಮಾಲು, ಮಾರಾಟ ಆಗಿ ಇನ್ನೂ ಹೋಗದ ಮಾಲು ಏನಾದರೂ ಇದೆಯಾ? ಬಾಯಲ್ಲಿ ಹೇಳಿದರೆ ಸಾಲದು, ಅದೇ ಶೀಟ್ ಮೇಲೆ ಉತ್ತರ ಬರೆಸುತ್ತೇನೆ. ಅವತ್ತು "ಇಲ್ಲ" ಅಂತ ಬರೆದಿದ್ದರು.

ಜುಲೈನಲ್ಲಿ ಆಡಿಟ್‌ಗೆ ಹೋದಾಗ ಬುಕ್ಕಿನಲ್ಲಿ ಮಾರ್ಚ್ 31ರ ಸ್ಟಾಕ್ 400 ಕ್ವಿಂಟಾಲ್. ನಾವು ಎಣಿಸಿದ್ದು 3,800. ವ್ಯತ್ಯಾಸ 3,400, ಆ ಹದಿನೇಳು ಬಿಲ್‌ನ ತೂಕ. ಕಾಳು ಕಡಿಮೆ ಇಲ್ಲ, ಜಾಸ್ತಿ ಇಲ್ಲ.

ಹಾಗಾದರೆ ಎಣಿಕೆಯ ದಿನ ಬುಕ್ಕು ಕೂಡಿದ್ದು ಹೇಗೆ? ಬಿಲ್ ಅವತ್ತು ಇರಲೇ ಇಲ್ಲ, ಅದಕ್ಕೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಲೆಕ್ಕ ಬರೆಯುವ ಸಾಫ್ಟ್‌ವೇರ್‌ನಲ್ಲಿ ಯಾರು ಯಾವಾಗ ಏನು ಬರೆದರು, ಏನು ತಿದ್ದಿದರು ಅನ್ನೋ ದಾಖಲೆ ಉಳಿಯಲೇಬೇಕು ಅಂತ ನಿಯಮ ಬಂದಿದೆ. ಟ್ಯಾಲಿಯಲ್ಲಿ ಅದನ್ನು ಎಡಿಟ್ ಲಾಗ್ ಅಂತಾರೆ. ತೆಗೆದು ನೋಡಿದರೆ ಹದಿನೇಳೂ ಬಿಲ್ ಸಿಸ್ಟಮ್‌ಗೆ ಹತ್ತಿದ್ದು ಏಪ್ರಿಲ್ 9ರಂದು, ಒಂದರ ಹಿಂದೆ ಒಂದು. ಬಿಲ್ ನಂಬರ್‌ನಿಂದ ಇದು ಗೊತ್ತಾಗುತ್ತಿರಲಿಲ್ಲ. ಏಪ್ರಿಲ್ 1ಕ್ಕೆ ಹೊಸ ನಂಬರ್ ಸರಣಿ ಶುರುವಾಗುತ್ತದೆ, ಹಳೇ ಸರಣಿಯ ಬಾಲಕ್ಕೆ ಎಷ್ಟು ಬೇಕಾದರೂ ಅಂಟಿಸಬಹುದು, ಮಧ್ಯೆ ಖಾಲಿ ಬೀಳಲ್ಲ. ಅದಕ್ಕೇ 31ರ ಸಂಜೆ ಹೋದವರು ಚೀಲ ಎಣಿಸಿ ಬಂದರೆ ಸಾಲದು. ಕೊನೆಯ ಬಿಲ್ ನಂಬರ್, ಕೊನೆಯ ಕಾಟಾ ಚೀಟಿ ನಂಬರ್, ಕೊನೆಯ ಎಲ್‌ಆರ್ ನಂಬರ್ ಮೂರನ್ನೂ ಬರೆದುಕೊಂಡು, ಆಗದಿದ್ದರೆ ಫೋನಲ್ಲಿ ಫೋಟೋ ಹೊಡೆದುಕೊಂಡು ಬರಬೇಕು. ಎರಡು ನಿಮಿಷದ ಕೆಲಸ. ಅವತ್ತು ನಾನು ಕಾಟಾ ಚೀಟಿಯದ್ದು ಬರೆದುಕೊಂಡಿದ್ದೆ, ಬಿಲ್ಲಿನದ್ದು ಮರೆತಿದ್ದೆ. ಎಡಿಟ್ ಲಾಗ್ ಇಲ್ಲದ ಕಾಲ ಆಗಿದ್ದರೆ ಈ ತಪ್ಪಿಗೆ ಪೇಚಾಡಬೇಕಾಗುತ್ತಿತ್ತು.

ಏಪ್ರಿಲ್ ತಿಂಗಳನ್ನೂ ತೆಗೆಸಿದೆವು. ಏಪ್ರಿಲ್ 18ರಿಂದ 25ರೊಳಗೆ ಹದಿನೇಳರಲ್ಲಿ ಹದಿನೈದು ಬಿಲ್‌ಗೆ ಮೊತ್ತ ವಜಾ ಮಾಡುವ ಕ್ರೆಡಿಟ್ ನೋಟ್, ಕಾರಣ "ಕ್ವಾಲಿಟಿ ಸರಿ ಇಲ್ಲ, ಮಾಲು ವಾಪಸ್". ವಾಪಸ್ ಬಂದ ಮಾಲಿಗೂ ಕಾಟಾ ಇಲ್ಲ, ಇಳಿಸಿದ ಹಮಾಲಿಯೂ ಇಲ್ಲ. ಆಡಿಟ್ ತಡವಾಗಿ ನಡೆಯೋದರಲ್ಲಿ ಒಂದೇ ಒಂದು ಲಾಭ ಅಂದರೆ ಇದು, ಮಾರ್ಚ್‌ನಲ್ಲಿ ಹೇಳಿದ ಸುಳ್ಳನ್ನು ಏಪ್ರಿಲ್, ಮೇ ತಿಂಗಳಲ್ಲಿ ಎಲ್ಲೋ ಒಂದು ಕಡೆ ಬಿಚ್ಚಲೇಬೇಕು, ಇಲ್ಲದಿದ್ದರೆ ಆ ಬಾಕಿ ಹಾಗೇ ಕೂತಿರುತ್ತದೆ. ಉಳಿದ ಎರಡು ಬಿಲ್‌ಗೆ ದುಡ್ಡು ಬಂದಿತ್ತು, 60 ಲಕ್ಷ, ಆರ್‌ಟಿಜಿಎಸ್. ಲೆಡ್ಜರ್‌ನಲ್ಲಿ ಪಾರ್ಟಿ ಹೆಸರಿಗೆ ಜಮಾ. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ದುಡ್ಡು ಕಳಿಸಿದವರ ಹೆಸರು ಬೇರೆ, ಮಾಲಕರ ಮನೆಯವರದೇ ಇನ್ನೊಂದು ಫರ್ಮ್. ದುಡ್ಡು ಬಂತು ಅನ್ನೋದಷ್ಟೇ ನೋಡಿದವನಿಗೆ ಇದು ಕಾಣಲ್ಲ.

ಪಾರ್ಟಿಗಳಿಗೆ ಬಾಕಿ ಖಚಿತಪಡಿಸಿ ಅಂತ ಪತ್ರ ಬರೆಯೋದು ಎಲ್ಲರಿಗೂ ಗೊತ್ತಿರುವ ಪರೀಕ್ಷೆ. ಇದಕ್ಕಿರುವ ಮಾನದಂಡ ಎಸ್‌ಎ 505 ಪ್ರಕಾರ ಆ ಪತ್ರ ಕಳಿಸೋದು, ಉತ್ತರ ಪಡೆಯೋದು ಎರಡೂ ಆಡಿಟರ್ ಹಿಡಿತದಲ್ಲಿರಬೇಕು. ಇದನ್ನು ಬಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಪಕ್ಕದ ಹೈದರಾಬಾದಿನಲ್ಲೇ ಉದಾಹರಣೆ ಇದೆ. 2009ರ ಜನವರಿ 7ರಂದು ಸತ್ಯಂ ಸಾಫ್ಟ್‌ವೇರ್ ಕಂಪನಿಯ ಅಧ್ಯಕ್ಷರು ಬರೆದ ಪತ್ರದಲ್ಲಿ ಒಂದು ತ್ರೈಮಾಸಿಕದ ಆದಾಯ 2,700 ಕೋಟಿ ತೋರಿಸಿದ್ದೇವೆ, ನಿಜ 2,112 ಕೋಟಿ ಅಂತ ಇತ್ತು. ಸುಳ್ಳು ಬಿಲ್‌ನಿಂದ "ಬಂದ" ದುಡ್ಡು ಬ್ಯಾಂಕಿನಲ್ಲಿದೆ ಅಂತಲೂ ತೋರಿಸಬೇಕಲ್ಲ, ಆ ಬ್ಯಾಂಕ್ ಬಾಕಿಗಳ ಖಚಿತಪತ್ರವನ್ನು ಆಡಿಟರ್‌ಗಳು ತಮ್ಮ ಹಿಡಿತದಲ್ಲಿ ಇಟ್ಟುಕೊಂಡಿರಲಿಲ್ಲ ಅಂತ ಅಮೆರಿಕದ ಷೇರು ನಿಯಂತ್ರಕರು 2011ರಲ್ಲಿ ಹೇಳಿದರು.

ನಮ್ಮ ಮಿಲ್‌ನಲ್ಲಿ ಅಕೌಂಟೆಂಟ್ "ಕೊಡ್ರಿ ಸರ, ನಾನೇ ಹಾಕಿಸ್ತೀನಿ" ಅಂದ. ಬೇಡ ಅಂತ ನಾವೇ ರಿಜಿಸ್ಟರ್ಡ್ ಪೋಸ್ಟ್ ಮಾಡಿದೆವು. ವಿಳಾಸವನ್ನೂ ಅವನ ಲಿಸ್ಟಿನಿಂದ ತೆಗೆದುಕೊಳ್ಳದೆ ಜಿಎಸ್‌ಟಿ ಪೋರ್ಟಲ್‌ನಿಂದ ತೆಗೆದೆವು. ಸೊಲ್ಲಾಪುರದವರು, ನಾಂದೇಡ್‌ನವರು "ಬಾಕಿ ಸರಿ ಇದೆ" ಅಂತ ಉತ್ತರ ಕಳಿಸಿದರು. ಎರಡರ ಕೈಬರಹ ಒಂದೇ, ಎರಡೂ ಲಕೋಟೆ ಮೇಲೆ ಕಲಬುರಗಿಯ ಕೊರಿಯರ್ ಸೀಲು.

ಹೈದರಾಬಾದಿನವರ ಉತ್ತರ ಮಾತ್ರ ಬೇರೆ ಇತ್ತು. ಅದು ಸಿಕ್ಕಿದ್ದು ನಾವು ಪ್ರಶ್ನೆ ಬದಲಿಸಿದ್ದಕ್ಕೆ. ಬಾಕಿ ಇಷ್ಟು ಹೌದೋ ಅಲ್ಲವೋ ಅಂತಷ್ಟೇ ಕೇಳಿದರೆ, ಬಿಲ್ ಅವರ ಹೆಸರಿಗೆ ಇರುವಾಗ ಹೌದು ಅಂದುಬಿಡ್ತಾರೆ. ನಾವು ಇನ್ನೂ ಮೂರು ಕೇಳಿದ್ದೆವು: ಮಾಲು ಯಾವ ದಿನ ನಿಮ್ಮ ಕೈ ಸೇರಿತು, ವಾಪಸ್ ಕೊಡುವ ಮಾತು ಏನಾದರೂ ಆಗಿತ್ತಾ, ಬಿಲ್ ಬಿಟ್ಟು ಬೇರೆ ಬಾಯಿಮಾತಿನ ಅಥವಾ ಕಾಗದದ ಒಪ್ಪಂದ ಇದೆಯಾ. ಅವರು ಬರೆದರು, ಮಾಲು ಬಂದಿಲ್ಲ, ನಮ್ಮಲ್ಲಿ ಮಾರಿ ಹೋದರೆ ದುಡ್ಡು ಇಲ್ಲಾಂದ್ರೆ ಬಿಲ್ ರದ್ದು ಅಂತ ಫೋನಲ್ಲಿ ಮಾತಾಗಿತ್ತು. ಪಾರ್ಟಿಯೇ ಪಾಲುದಾರ ಆಗಿದ್ದರೆ ಈ ಪರೀಕ್ಷೆ ಸೋಲುತ್ತದೆ, ಸೊಲ್ಲಾಪುರ, ನಾಂದೇಡ್‌ನಲ್ಲಿ ಆದಂತೆ. ಅದಕ್ಕೇ ಖಚಿತಪತ್ರ ಒಂದನ್ನೇ ನಂಬಿ ಕೂರಬಾರದು.

ಪಕ್ಕದಲ್ಲಿ ಇನ್ನೊಂದು ಸುಲಭದ ತಾಳೆ ಇದೆ. ಹಿಂದಿನ ವರ್ಷ 10 ಕೋಟಿಗಿಂತ ಹೆಚ್ಚು ವಹಿವಾಟು ಮಾಡಿದ ಖರೀದಿದಾರ, ಒಬ್ಬರಿಂದಲೇ ವರ್ಷಕ್ಕೆ 50 ಲಕ್ಷ ದಾಟಿ ಕೊಂಡರೆ, ದಾಟಿದ್ದರ ಮೇಲೆ ಶೇ 0.1 ಟಿಡಿಎಸ್ ಹಿಡಿಯಬೇಕು. ಅದು ಮಾರಿದವರ ಆದಾಯ ತೆರಿಗೆ ಪಟ್ಟಿ 26ಎಎಸ್‌ನಲ್ಲಿ ಕಾಣುತ್ತದೆ. ಮಿಲ್‌ನ ಹಳೇ ದೊಡ್ಡ ಗಿರಾಕಿಗಳೆಲ್ಲ ಅಲ್ಲಿದ್ದರು, ಈ ಮೂವರಲ್ಲಿ ಒಬ್ಬರೂ ಇಲ್ಲ. ಅವರು ಸಣ್ಣ ವ್ಯಾಪಾರಿಗಳು ಅಂದರೆ ಟಿಡಿಎಸ್ ಬೇಕಿಲ್ಲ, ಒಪ್ಪಿಕೊಂಡೆ. ಆದರೆ ಅಷ್ಟು ಸಣ್ಣವರು ಮೂರು ದಿನದಲ್ಲಿ ಕೋಟಿಗಟ್ಟಲೆ ಬೇಳೆ ಉದ್ರಿ ತಗೊಂಡರಾ?

ಇಷ್ಟೆಲ್ಲ ಮುಂದಿಟ್ಟಾಗ ಮಾಲಕರು ಹೇಳಿದ್ದು, "ಮಾಲ್ ಮಾರೇವ್ರಿ ಸರ, ಪಾರ್ಟಿ ಈಗ ಬ್ಯಾಡ, ನಿಮ್ಮಲ್ಲೇ ಇಟ್ಟಿರಿ ಅಂದ್ರು. ಇದರಾಗ ತಪ್ಪೇನದ?"

ತಪ್ಪು ಅಂತ ಸುಮ್ಮನೆ ಹೇಳೋಕೆ ಆಗಲ್ಲ. ಮಾರಿ ಇಟ್ಟುಕೊಂಡ ಮಾಲನ್ನೂ ಮಾರಾಟ ಅಂತ ತೋರಿಸಲು, ಆದಾಯವನ್ನು ಯಾವಾಗ ಲೆಕ್ಕಕ್ಕೆ ತಗೋಬೇಕು ಅನ್ನೋ ಮಾನದಂಡ ಎಎಸ್ 9ರಲ್ಲಿ ಅವಕಾಶ ಇದೆ. ಆದರೆ ಮಾಲು ನಿಲ್ಲಿಸಿದ್ದು ಕೊಂಡವರ ಕೋರಿಕೆಯಿಂದ ಆಗಿರಬೇಕು, ಮಾಲಿನ ಒಡೆತನ ಅವರಿಗೆ ಹೋಗಿರಬೇಕು, ಬಿಲ್ ಒಪ್ಪಿರಬೇಕು. ಮಾಲು ಕೈಯಲ್ಲಿದ್ದು, ಇದು ಇಂಥವರದ್ದು ಅಂತ ಗುರುತಿಸಿಟ್ಟು, ಕಳಿಸೋಕೆ ತಯಾರಿರಬೇಕು. ಕೊನೆಗೆ ಮಾಲು ಹೋಗೇ ಹೋಗುತ್ತದೆ ಅನ್ನೋ ಭರವಸೆ ಇರಬೇಕು. ನಾವು ಕೇಳಿದ್ದೂ ಅದನ್ನೇ: ಇಟ್ಟಿರಿ ಅಂತ ಪಾರ್ಟಿ ಬರೆದ ಪತ್ರ ಎಲ್ಲಿ? ವಾಟ್ಸ್ಯಾಪ್ ಮೆಸೇಜ್ ಆದರೂ ತೋರಿಸಿ. ಯಾವ ಥಪ್ಪಿ ಯಾರದ್ದು? ಗೋದಾಮಿಗೆ ಬೆಂಕಿ ಬಿದ್ದರೆ ವಿಮೆ ಹಣ ಯಾರಿಗೆ ಬರುತ್ತದೆ? ವಿಮೆ ಮಿಲ್ ಹೆಸರಿಗೇ ಇತ್ತು, ಥಪ್ಪಿ ಮೇಲೆ ಯಾವ ಗುರುತೂ ಇರಲಿಲ್ಲ, ಪತ್ರ ಸಿಗಲಿಲ್ಲ. ಜೊತೆಗೆ ನಮ್ಮ ಶೀಟ್ ಮೇಲೆ ಅವರದೇ ಉತ್ತರ, "ಇಲ್ಲ".

ಎಲ್ಲಕ್ಕಿಂತ ಗಟ್ಟಿ ಕಾಗದ ಬ್ಯಾಂಕಿನಿಂದ ಬಂತು. 5 ಕೋಟಿ ದಾಟಿದ ಸಿಸಿ ಲಿಮಿಟ್ ಇದ್ದರೆ, ಕಂಪನಿ ಬ್ಯಾಂಕಿಗೆ ಕೊಟ್ಟ ಮೂರು ತಿಂಗಳ ಸ್ಟೇಟ್‌ಮೆಂಟ್ ಬುಕ್ಕಿಗೆ ಹೊಂದುತ್ತದಾ ಅಂತ ಆಡಿಟರ್ ತನ್ನ ವರದಿಗೆ ಜೋಡಿಸುವ ಕ್ಯಾರೋ ವರದಿಯಲ್ಲಿ ಹೇಳಬೇಕು. ಏಪ್ರಿಲ್ 10ರಂದು ಕೊಟ್ಟ ಸ್ಟೇಟ್‌ಮೆಂಟ್ ತರಿಸಿದೆವು. ಅದರಲ್ಲಿ ಬೇಳೆ ಸ್ಟಾಕ್ 3,800 ಕ್ವಿಂಟಾಲ್. ಕೆಳಗೆ ಬರಬೇಕಾದ ಬಾಕಿಯ ಪಟ್ಟಿಯಲ್ಲಿ ಈ ಮೂರೂ ಪಾರ್ಟಿ, 5.1 ಕೋಟಿ. ಅದೇ ಚೀಲಗಳು ಸ್ಟಾಕ್ ಅಂತ ಒಮ್ಮೆ, ಬಾಕಿ ಅಂತ ಇನ್ನೊಮ್ಮೆ. ಮಾಲು ಪಾರ್ಟಿಯದ್ದು ಅನ್ನೋ ಮಾತು ಅಲ್ಲಿಗೆ ಮುಗಿಯಿತು.

ಸರಿಪಡಿಸುವ ಲೆಕ್ಕ ಸುಲಭ. ಮಾರಾಟ ಮತ್ತು ಬಾಕಿಯಿಂದ 5.1 ಕೋಟಿ ತೆಗೆಯೋದು, ಬಂದಿದ್ದ 60 ಲಕ್ಷವನ್ನು ಕಳಿಸಿದ ಫರ್ಮ್ ಹೆಸರಿಗೇ ತೋರಿಸೋದು. ಸ್ಟಾಕ್‌ಗೆ 3,400 ಕ್ವಿಂಟಾಲ್ ಸೇರಿಸೋದು, ಆದರೆ ಖರ್ಚಿನ ಬೆಲೆಗೆ, 13,800ರಂತೆ 4.69 ಕೋಟಿ. ವ್ಯತ್ಯಾಸ ಸುಮಾರು 41 ಲಕ್ಷ. ಲಾಭ 1.12 ಕೋಟಿಯಿಂದ 71 ಲಕ್ಷಕ್ಕೆ ಇಳಿಯಿತು. ಮಾಲಕರು ಬುಕ್ ತಿದ್ದಲು ಒಪ್ಪಿದರು, ಇಲ್ಲದಿದ್ದರೆ ವರದಿಯಲ್ಲಿ ಆಕ್ಷೇಪ ಬರೆಯಬೇಕಿತ್ತು. ತಿದ್ದಿದರೂ ಬ್ಯಾಂಕ್ ಸ್ಟೇಟ್‌ಮೆಂಟ್ ಹೊಂದದೇ ಇರೋದು ಕ್ಯಾರೋದಲ್ಲಿ ಬರಲೇಬೇಕು. ಅದು ಅವರಿಗೆ ಹೆಚ್ಚು ಉರಿದದ್ದು. ಅಧಿಕಾರಿಗಳು ಅಥವಾ ನೌಕರರು ಕಂಪನಿಗೆ ವಂಚನೆ ಮಾಡಿದ್ದಾರೆ ಅಂತ ನಂಬಲು ಕಾರಣ ಇದ್ದು ಮೊತ್ತ 1 ಕೋಟಿ ಅಥವಾ ಹೆಚ್ಚಿದ್ದರೆ ಕಂಪನಿ ಕಾಯ್ದೆಯ 143(12) ಕೂಡ ಬರುತ್ತದೆ: 2 ದಿನದಲ್ಲಿ ಬೋರ್ಡಿಗೆ ಬರೆಯಬೇಕು, ಉತ್ತರಕ್ಕೆ 45 ದಿನ, ಆಮೇಲೆ 15 ದಿನದೊಳಗೆ ಕೇಂದ್ರ ಸರ್ಕಾರಕ್ಕೆ ಎಡಿಟಿ-4 ಫಾರಂನಲ್ಲಿ ವರದಿ. ಈ ಹಂತಕ್ಕೆ ವಕೀಲರನ್ನು ಕೇಳದೆ ಕೈ ಹಾಕಬೇಡಿ.

ಇಲ್ಲಿ ಮಾಲು ಇತ್ತು, ಅದಕ್ಕೇ ಎಣಿಕೆಯಿಂದ ಸಿಕ್ಕಿತು. ಮಾಲೇ ಇಲ್ಲದೆ ಖರೀದಿಯೂ ಸುಳ್ಳು, ಮಾರಾಟವೂ ಸುಳ್ಳು ಆಗಿದ್ದರೆ ಗೋದಾಮಿನಲ್ಲಿ ಎಣಿಸೋಕೆ ಏನೂ ಇರಲ್ಲ. ಆಗ ಮಷೀನ್ ಕಡೆ ಹೋಗಬೇಕು. ನೂರು ಕ್ವಿಂಟಾಲ್ ತೊಗರಿಗೆ ಬೇಳೆ 70ರಿಂದ 75 ಕ್ವಿಂಟಾಲ್ ಬಿದ್ದರೆ ಹೆಚ್ಚು, ಉಳಿದದ್ದು ನುಚ್ಚು, ಚುನ್ನಿ, ಹೊಟ್ಟು. ಜೆಸ್ಕಾಂ ಬಿಲ್‌ನ ಯೂನಿಟ್, ಒಡೆದ ತೊಗರಿ, ಬಂದ ಹೊಟ್ಟು ಮೂರೂ ಒಟ್ಟಿಗೆ ಏರಿಳಿಯಬೇಕು. ಬೇಳೆ ಎರಡು ಪಟ್ಟು ಆಗಿ ಕರೆಂಟ್ ಬಿಲ್ ಅಷ್ಟೇ ಇದ್ದರೆ ಆ ಬೇಳೆ ಟ್ಯಾಲಿಯಲ್ಲಿ ಒಡೆದದ್ದು.

ಇನ್ನೊಂದು ಕೆಲಸ ಬಾಕಿ ಇತ್ತು. ಸಹಿ ಹಾಕಿದ ಶೀಟ್ ಮೇಲೊಂದು, ಬುಕ್ಕಿನಲ್ಲೊಂದು ಹೇಳಿದವರು ಕೊಟ್ಟ ಬೇರೆ ಉತ್ತರಗಳನ್ನು ಮೊದಲಿನಷ್ಟೇ ಸುಲಭವಾಗಿ ನಂಬೋಕೆ ಆಗಲ್ಲ, ಎಸ್‌ಎ 240 ಕೂಡ ಅದನ್ನೇ ಹೇಳುತ್ತದೆ. ಹಿಂದಿನ ವರ್ಷದ ಮಾರ್ಚ್ ಬಿಲ್ ಫೈಲು, ಅದರ ನಂತರದ ಏಪ್ರಿಲ್ ಕ್ರೆಡಿಟ್ ನೋಟ್ ಫೈಲು ಎರಡೂ ಕೊಡಿ ಅಂದೆವು. ಅಕೌಂಟೆಂಟ್ ಮಾಲಕರ ಮುಖ ನೋಡಿದ, ಮಾಲಕರು ಕಿಟಕಿ ಕಡೆ ನೋಡಿದರು. ಮರುದಿನ ಫೈಲು ಬಂತು. ಅದರಲ್ಲಿ ನಾಲ್ಕು ಬಿಲ್ ಇದ್ದವು, ನಾಲ್ಕೂ 200.00 ಕ್ವಿಂಟಾಲ್.